ಮಾಡಿಫೈಯರ್ ಸ್ಟ್ಯಾಕ್: ಹತ್ತನೇ ಒಂದು ಪಾಲಿನಿಂದ ಇಡೀ ಚಕ್ರ

3D ಮಾದರಿ ಮಾಡುವ ಬ್ಲೆಂಡರ್ ತಂತ್ರಾಂಶದಲ್ಲಿ ಮಾಡಿಫೈಯರ್ ಅಂದರೆ ನಾವು ಕೈಯಾರೆ ಮಾಡಿದ ಮೆಶ್‌ನ, ಅಂದರೆ ಶೃಂಗ ಮತ್ತು ಅಂಚುಗಳ ಬಲೆಯ, ಮೇಲೆ ನಡೆಯುವ ಒಂದು ಲೆಕ್ಕ. ಮೆಶ್ ಇದ್ದ ಹಾಗೇ ಇರುತ್ತದೆ, ಪರದೆಯ ಮೇಲೆ ಕಾಣುವುದು ಲೆಕ್ಕದ ಉತ್ತರ. ಮಿರರ್ ಮಾಡಿಫೈಯರ್ ಅರ್ಧಕ್ಕೆ ಇನ್ನರ್ಧ ಜೋಡಿಸುತ್ತದೆ. ಅರೇ ಮಾಡಿಫೈಯರ್ ಒಂದನ್ನು ಸಾಲಾಗಿಯೋ ಸುತ್ತಲೋ ನಕಲಿಸುತ್ತದೆ. ಒಂದರ ಕೆಳಗೊಂದು ಪೇರಿಸಿದ ಈ ಲೆಕ್ಕಗಳ ಪಟ್ಟಿಯೇ ಮಾಡಿಫೈಯರ್ ಸ್ಟ್ಯಾಕ್. ಅದು ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. `Ctrl+Z` ಇತಿಹಾಸ ಫೈಲ್ ಮುಚ್ಚಿದೊಡನೆ ಹೋಗುತ್ತದೆ, ಸ್ಟ್ಯಾಕ್ ಫೈಲ್‌ನೊಳಗೇ ಉಳಿಯುತ್ತದೆ.

ಐದು ಸ್ಪೋಕ್‌ಗಳ ಕಾರಿನ ಅಲಾಯ್ ವೀಲ್ ತೆಗೆದುಕೊಳ್ಳಿ. ಒಂದು ಸ್ಪೋಕಿನ ಪಾಲಿಗೆ 72 ಡಿಗ್ರಿ. ಸ್ಪೋಕಿನ ಎಡಬಲ ಒಂದೇ ಥರ ಇರುವುದರಿಂದ ನಾವು ಮಾಡಬೇಕಾದದ್ದು 36 ಡಿಗ್ರಿಯ ತುಂಡು, ಅಂದರೆ ಚಕ್ರದ ಹತ್ತನೇ ಒಂದು ಪಾಲು. ಕಾಗದವನ್ನು ಮಡಚಿ ಮಡಚಿ ಕತ್ತರಿಸಿ ಹೂವು ಬಿಡಿಸುತ್ತಿದ್ದೆವಲ್ಲ, ಅದೇ ಲೆಕ್ಕ.

40 ಶೃಂಗಗಳ ವೃತ್ತದಿಂದ ಶುರು ಮಾಡಿದರೆ ಒಂದೊಂದು ಅಂಚಿಗೆ 9 ಡಿಗ್ರಿ ಬರುತ್ತದೆ. Y ಅಕ್ಷದ ಮೇಲಿನ ಶೃಂಗದಿಂದ ಬಲಕ್ಕೆ ನಾಲ್ಕು ಅಂಚು ಉಳಿಸಿ ಮಿಕ್ಕದ್ದನ್ನು ಅಳಿಸಿ, ಅದರಿಂದಲೇ ರಿಮ್ ಮತ್ತು ಅರ್ಧ ಸ್ಪೋಕ್ ಎಳೆಯಿರಿ. ಆಬ್ಜೆಕ್ಟಿನ ಮೂಲಬಿಂದು ಚಕ್ರದ ನಡುವೆಯೇ ಇರಲಿ, ಮಿರರ್ ಅಳೆಯುವುದು ಅಲ್ಲಿಂದ. ಮಿರರ್‌ನಲ್ಲಿ X ಅಕ್ಷ ಇಟ್ಟು `Clipping` ಹಾಕಿದರೆ ನಡುಗೆರೆಯ ಶೃಂಗಗಳು ಆಚೆ ದಾಟುವುದಿಲ್ಲ.

ಆಮೇಲೆ ಅರೇ. ಎಣಿಕೆ 5. ಮೊದಲೇ ಆನ್ ಆಗಿರುವ `Relative Offset` ತೆಗೆದುಬಿಡಿ, ಇಲ್ಲದಿದ್ದರೆ ನಕಲುಗಳು ಪಕ್ಕಕ್ಕೆ ಜಾರುತ್ತವೆ. ಚಕ್ರದ ನಡುವೆ ಎಂಪ್ಟಿ ಎಂಬ ಮೆಶ್ ಇಲ್ಲದ ಖಾಲಿ ಆಬ್ಜೆಕ್ಟ್ ಒಂದನ್ನು ಇಟ್ಟು, Z ಸುತ್ತ 72 ಡಿಗ್ರಿ ತಿರುಗಿಸಿ, `Object Offset`ನಲ್ಲಿ ಅದನ್ನು ತೋರಿಸಿ. ಐದು ನಕಲು ಸುತ್ತ ಕೂರುವ ಬದಲು ಬಸವನಹುಳುವಿನಂತೆ ಕುಗ್ಗುತ್ತಲೋ ಹಿಗ್ಗುತ್ತಲೋ ಹೋದರೆ, ಆಬ್ಜೆಕ್ಟಿನ ಸ್ಕೇಲ್ 1 ಇಲ್ಲವೆಂದು ತಿಳಿಯಿರಿ. ಅರೇ ಲೆಕ್ಕ ಹಾಕುವುದು ಎಂಪ್ಟಿಗೂ ಆಬ್ಜೆಕ್ಟಿಗೂ ಇರುವ ವ್ಯತ್ಯಾಸವನ್ನು. ಸ್ಕೇಲಿನ ವ್ಯತ್ಯಾಸವೂ ಅದರಲ್ಲಿ ಸೇರಿ, ಪ್ರತಿ ನಕಲಿಗೂ ಮತ್ತೊಮ್ಮೆ ಗುಣಿಸಿಕೊಳ್ಳುತ್ತದೆ. `Ctrl+A` ಒತ್ತಿ ಸ್ಕೇಲ್ ಅಪ್ಲೈ ಮಾಡಿದರೆ ಸರಿಹೋಗುತ್ತದೆ.

ಮಿರರ್ ಮೊದಲೋ ಅರೇ ಮೊದಲೋ ಎಂಬಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ಏಕೆಂದರೆ ಈ ಚಕ್ರದಲ್ಲಿ ಎರಡೂ ಕ್ರಮಕ್ಕೆ ಕಣ್ಣಿಗೆ ಕಾಣುವ ಆಕಾರ ಒಂದೇ. ವ್ಯತ್ಯಾಸ ಇರುವುದು ಹೊಲಿಗೆಯಲ್ಲಿ. ಮಿರರ್ ಮೊದಲಿದ್ದರೆ ಅದು ಎರಡು ಅರ್ಧಗಳನ್ನು ಬೆಸೆದು ಪೂರ್ತಿ ಸ್ಪೋಕ್ ಕೊಡುತ್ತದೆ. ಅರೇಯಲ್ಲಿ `Merge` ಆನ್ ಇದ್ದರೆ ಅಕ್ಕಪಕ್ಕದ ಸ್ಪೋಕ್‌ಗಳು ಬೆಸೆಯುತ್ತವೆ, `First and Last Copies` ಕೊನೆಯದನ್ನು ಮೊದಲಿನದಕ್ಕೆ ಸೇರಿಸಿ ಸುತ್ತು ಮುಚ್ಚುತ್ತದೆ. ಅರೇ ಮೊದಲಿದ್ದರೆ ಅದಕ್ಕೆ ಸಿಗುವುದು ಒಂದಕ್ಕೊಂದು ತಾಗದ ಅರ್ಧ ತುಂಡುಗಳು, ಬೆಸೆಯಲು ಏನೂ ಇಲ್ಲ. ಆಮೇಲೆ ಬರುವ ಮಿರರ್ ಒಂದು ಶೃಂಗವನ್ನು ಅದರದೇ ಪ್ರತಿಬಿಂಬಕ್ಕೆ ಮಾತ್ರ ಸೇರಿಸುತ್ತದೆ. ಹಾಗಾಗಿ ಹತ್ತು ಹೊಲಿಗೆಗಳಲ್ಲಿ Y ಅಕ್ಷದ ಮೇಲೆ ಬೀಳುವ ಎರಡು ಮಾತ್ರ ಬೆಸೆದು, ಎಂಟು ಬಾಯಿ ಬಿಟ್ಟುಕೊಂಡೇ ಇರುತ್ತವೆ. ಕೊನೆಯಲ್ಲಿ ಮೆಶ್ಶನ್ನು ನಯವಾಗಿಸುವ ಸಬ್‌ಡಿವಿಷನ್ ಸರ್ಫೇಸ್ ಮಾಡಿಫೈಯರ್ ಹಾಕಿದಾಗ ಆ ಎಂಟು ಕಡೆ ಗೀರು ಅಥವಾ ಸಂದು ಕಾಣುತ್ತದೆ. ಅನುಮಾನವಿದ್ದರೆ ಹಾಕಿ ನೋಡಿ, ಗುಟ್ಟು ತಾನೇ ಬಯಲಾಗುತ್ತದೆ.

ಸರಿಯಾದ ಕ್ರಮದಲ್ಲೂ ಒಂದು ಸಂದು ಉಳಿಯಬಹುದು. `Clipping` ಕಾಯುವುದು ನಡುಗೆರೆಯನ್ನು ಮಾತ್ರ, ತುಂಡಿನ ಇನ್ನೊಂದು ಅಂಚಿಗೆ ಕಾವಲಿಲ್ಲ. ಆ ಅಂಚಿನ ಶೃಂಗ 36 ಡಿಗ್ರಿಯ ಗೆರೆಯಿಂದ ಸರಿದರೆ ಪಕ್ಕದ ಸ್ಪೋಕಿನ ಶೃಂಗಕ್ಕೆ ಸಿಗುವುದಿಲ್ಲ. ಅದಕ್ಕೆ `Merge` ದೂರವನ್ನು ಹಿಗ್ಗಿಸುವುದು ಸೋಮಾರಿ ಉಪಾಯ; ಪಕ್ಕದಲ್ಲಿರುವ ಸಣ್ಣ ವಿವರಗಳೂ ಕಲಸಿಹೋಗುತ್ತವೆ. ಶೃಂಗವನ್ನೇ ಗೆರೆಗೆ ತನ್ನಿ.

ಎಲ್ಲವೂ ಐದರ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಕಾರುಗಳಲ್ಲಿ ಚಕ್ರಕ್ಕೆ ನಾಲ್ಕೇ ನಟ್ಟು ಇರುವುದು ಸಾಮಾನ್ಯ, ಅದನ್ನು 72 ಡಿಗ್ರಿಯ ತುಂಡಿಗೆ ತುರುಕಲು ಆಗದು. ನಡುವಿನ ಹಬ್ಬನ್ನು ಬೇರೆ ಆಬ್ಜೆಕ್ಟ್ ಮಾಡಿ, ಅದಕ್ಕೆ 90 ಡಿಗ್ರಿಯ ಇನ್ನೊಂದು ಅರೇ ಕೊಡಿ. ಗಾಳಿ ತುಂಬುವ ವಾಲ್ವಿನ ರಂಧ್ರವಂತೂ ಒಂದೇ. ಅದಕ್ಕೊಂದು ಸಿಲಿಂಡರ್ ಇಟ್ಟು, ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ ಬೂಲಿಯನ್ ಮಾಡಿಫೈಯರನ್ನು ಅರೇಯ ಕೆಳಗೆ ಹಾಕಿದರೆ ಸಾಕು. ಬೂಲಿಯನ್ನನ್ನು ಮಿರರ್‌ಗಿಂತ ಮೇಲೆ ಹಾಕಿದರೆ ರಂಧ್ರವೂ ನಕಲಾಗಿ ಸುತ್ತಲೂ ತೂತು ಬೀಳುತ್ತದೆ.

ಸ್ಟ್ಯಾಕಿನ ಮಾಡಿಫೈಯರ್ ಅನ್ನು ಅಪ್ಲೈ ಮಾಡುವುದೆಂದರೆ ಲೆಕ್ಕ ಅಳಿಸಿ ಉತ್ತರವನ್ನಷ್ಟೇ ಉಳಿಸಿಕೊಳ್ಳುವುದು. ಗೇಮ್ ಎಂಜಿನ್‌ಗೆ ಕಳಿಸಲು ಅದು ಬೇಕಿಲ್ಲ. ಜಿಎಲ್‌ಟಿಎಫ್ ಎಂಬ 3D ಫೈಲ್ ರೂಪದ ಎಕ್ಸ್‌ಪೋರ್ಟಿನಲ್ಲಿ `Apply Modifiers` ಗುರುತು ಹಾಕಿದರೆ ಹೊರಹೋಗುವ ಫೈಲ್‌ನಲ್ಲಿ ಇಡೀ ಚಕ್ರವಿರುತ್ತದೆ, ನಿಮ್ಮ ಬ್ಲೆಂಡರ್ ಫೈಲ್‌ನಲ್ಲಿ ಹತ್ತನೇ ಪಾಲು ಹಾಗೇ ಇರುತ್ತದೆ. ನಿಜಕ್ಕೂ ಅಪ್ಲೈ ಮಾಡಬೇಕಾಗುವುದು ಒಂದು ಸ್ಪೋಕಿಗೆ ಮಾತ್ರ ಕೆಸರು ಬಳಿಯುವಂಥ ಕೆಲಸ ಬಂದಾಗ: ಬಣ್ಣದ ಚಿತ್ರದ ಯಾವ ಭಾಗ ಮೆಶ್‌ನಲ್ಲಿ ಎಲ್ಲಿ ಕೂರಬೇಕೆಂದು ಹೇಳುವ ಯುವಿ ನಕ್ಷೆಯನ್ನು ನಕಲುಗಳೆಲ್ಲ ಸಾಮಾನ್ಯವಾಗಿ ಹಂಚಿಕೊಳ್ಳುವುದರಿಂದ ಒಂದಕ್ಕೆ ಬಳಿದ ಕೆಸರು ಐದಕ್ಕೂ ಹತ್ತುತ್ತದೆ. ಆಗಲೂ ಮೊದಲು ಆಬ್ಜೆಕ್ಟಿನ ಒಂದು ಪ್ರತಿ ತೆಗೆದು ಬೇರೆ ಕಲೆಕ್ಷನ್‌ನಲ್ಲಿ ಅಡಗಿಸಿಟ್ಟು, ಆಮೇಲೆ ಅಪ್ಲೈ ಒತ್ತಿ.