ಬ್ರೇಕ್ ಈವನ್ ಅಂದರೆ ಅಸಲು ಹುಟ್ಟುವ ಲೆಕ್ಕ: ಶಾಲಾ ಮೇಳದ ಚುರುಮುರಿ ಅಂಗಡಿ

"ಮಾಮ, ನಮ್ಮ ಸ್ಕೂಲ್ ಮೇಳದಲ್ಲಿ ಚುರುಮುರಿ ಅಂಗಡಿ ಹಾಕ್ತಿದ್ದೀನಿ, ಎಷ್ಟು ಮಾರಿದ್ರೆ ಲಾಸ್ ಆಗಲ್ಲ?" ಅಂತ ಒಂಬತ್ತನೇ ಕ್ಲಾಸಿನ ನಮ್ಮಕ್ಕನ ಮಗಳು ಕೇಳಿದಳು. ಅವಳು ಕೇಳಿದ ಈ "ಎಷ್ಟು" ಇದೆಯಲ್ಲ, ಅದಕ್ಕೇ ಬ್ರೇಕ್ ಈವನ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಸಲು ಹುಟ್ಟುವ ಸಂಖ್ಯೆ. ಅಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಹಾಕಿದ ದುಡ್ಡು ಕೈಗೆ ಬಂತು.

ಇದಕ್ಕೆ ಖರ್ಚನ್ನು ಎರಡು ಭಾಗ ಮಾಡಬೇಕು. ಒಂದೂ ಪ್ಲೇಟ್ ಮಾರದಿದ್ದರೂ ಕೊಡಲೇಬೇಕಾದದ್ದು ಒಂದು ಭಾಗ. ಅವಳಿಗೆ ಅದು ಸ್ಟಾಲ್ ಫೀ 200, ಚಾರ್ಟ್ ಮತ್ತು ಬಣ್ಣಕ್ಕೆ 50, ಸಾಮಾನು ಸಾಗಿಸುವ ಆಟೋಗೆ 100, ಒಟ್ಟು 350 ರೂಪಾಯಿ. ಇನ್ನೊಂದು ಪ್ರತಿ ಪ್ಲೇಟಿಗೂ ಬೀಳುವ ಖರ್ಚು. ಮಂಡಕ್ಕಿ, ಕಡಲೆಬೀಜ, ಎಣ್ಣೆ, ಕಟ್ಟುವ ಕಾಗದಕ್ಕೆ ಸುಮಾರು 4 ರೂಪಾಯಿ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊತ್ತಂಬರಿ, ನಿಂಬೆಹಣ್ಣಿಗೆ ಇನ್ನೊಂದು 4. "ಎಣ್ಣೆ ಮನೇದೇ ಅಲ್ವಾ, ಅದನ್ನ ಯಾಕೆ ಹಿಡೀಬೇಕು?" ಅಂದಳು. ಹಿಡಿಯಲೇಬೇಕು. ಅಮ್ಮ ದುಡ್ಡು ಕೊಟ್ಟೇ ತಂದ ಎಣ್ಣೆ ಅದು, ಬಿಟ್ಟರೆ ಬರುವ ಲೆಕ್ಕ ಸುಳ್ಳಾಗುತ್ತದೆ.

ಒಂದು ಪ್ಲೇಟಿಗೆ ಬೆಲೆ 20 ಅಂತ ಇಟ್ಟಳು. ಅದರಲ್ಲಿ 8 ಸಾಮಾನಿಗೆ ಹೋದರೆ 12 ಉಳಿಯಿತು. ಈ 12ನ್ನು ಲಾಭ ಅಂದುಕೊಳ್ಳುವವರೇ ಜಾಸ್ತಿ, ಆದರೆ ಅದು ಮೊದಲು ಆ 350ನ್ನು ತೀರಿಸಬೇಕು. 350ನ್ನು 12ರಿಂದ ಭಾಗಿಸಿದರೆ 29ಕ್ಕಿಂತ ಚೂರು ಹೆಚ್ಚು ಬರುತ್ತದೆ. ಗಣಿತದಲ್ಲಿ ರೂಢಿಯಾದ ಹಾಗೆ 29 ಅಂತ ಇಳಿಸಬೇಡಿ. 29 ಪ್ಲೇಟಿಗೆ 348 ರೂಪಾಯಿ ಬಂದು ಇನ್ನೂ 2 ಕಡಿಮೆ ಬೀಳುತ್ತದೆ, ಚುರುಮುರಿಯನ್ನು ಕಾಲು ಪ್ಲೇಟ್ ಮಾರೋಕೆ ಆಗಲ್ಲ. ಹಾಗಾಗಿ ಯಾವಾಗಲೂ ಮೇಲಕ್ಕೇ ಹೋಗಬೇಕು: 30.

ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಮೇಳದ ಲೆಕ್ಕ ಮುಗಿಯುವುದಿಲ್ಲ.

ಯಾಕೆಂದರೆ ಅವಳು, ಸಾಲದೇ ಹೋದರೆ ಕಷ್ಟ ಅಂತ, 60 ಪ್ಲೇಟಿಗೆ ಆಗುವಷ್ಟು ತರಕಾರಿ ತರೋಣ ಅಂದಿದ್ದಳು. ಮಂಡಕ್ಕಿ, ಕಡಲೆಬೀಜ ಉಳಿದರೆ ಡಬ್ಬಿಗೆ ಹಾಕಿಟ್ಟು ಮನೆಯಲ್ಲಿ ತಿನ್ನಬಹುದು. ಹೆಚ್ಚಿಟ್ಟ ಈರುಳ್ಳಿ, ಟೊಮೆಟೊ ಸಂಜೆಗೆ ನೀರು ಬಿಟ್ಟು ಹಾಳಾಗುತ್ತವೆ. ಅಂದರೆ ತಂದು ಹೆಚ್ಚಿದ ಮೇಲೆ ತರಕಾರಿಯ ದುಡ್ಡು ಪ್ಲೇಟಿನ ಲೆಕ್ಕದಿಂದ ಜಾರಿ, ಸ್ಟಾಲ್ ಫೀ ಜೊತೆ ಸೇರಿಕೊಂಡುಬಿಡುತ್ತದೆ, ಮಾರಿದರೂ ಅಷ್ಟೇ, ಮಾರದಿದ್ದರೂ ಅಷ್ಟೇ. 60 ಪ್ಲೇಟಿನ ತರಕಾರಿಗೆ 240. ಅದನ್ನು 350ಕ್ಕೆ ಕೂಡಿಸಿದರೆ 590. ಈಗ ಪ್ಲೇಟಿಗೆ ಕಳೆಯಬೇಕಾದದ್ದು ಬರೀ 4, ಉಳಿಯುವುದು 16. ಭಾಗಿಸಿ ಮೇಲಕ್ಕೆ ಹೋದರೆ 37. ಸುಮ್ನೆ ತರಕಾರಿ ಜಾಸ್ತಿ ತಂದದ್ದಕ್ಕೇ ಇನ್ನೂ 7 ಪ್ಲೇಟ್ ಮಾರಬೇಕಾಯಿತು! ಒಂದೇ ದಿನದ ಅಂಗಡಿಯಲ್ಲಿ ಮಕ್ಕಳು ಕೈ ಸುಟ್ಟುಕೊಳ್ಳುವುದು ನನ್ನ ಪ್ರಕಾರ ಇಲ್ಲೇ.

ಇನ್ನೊಂದು ಪ್ರಶ್ನೆ ಕೇಳಿದೆ. "ಒಂದು ಪ್ಲೇಟ್ ಕಲಸಿ ಕೊಡೋಕೆ ಎಷ್ಟು ಹೊತ್ತು ಬೇಕು?" ಮನೆಯಲ್ಲೇ ಕಲಸಿ ನೋಡಿದೆವು, 3 ನಿಮಿಷ. ಮೇಳ ಇರುವುದು 2 ಗಂಟೆ. ಒಬ್ಬಳೇ ಕೂತರೆ ಒಂದು ನಿಮಿಷವೂ ಬಿಡುವಿಲ್ಲದೆ ಕಲಸಿದರೂ 40 ಪ್ಲೇಟ್, ಅದಕ್ಕಿಂತ ಮೇಲೆ ಆಗುವ ಮಾತಲ್ಲ. 60ರ ತರಕಾರಿ ತರುವುದಕ್ಕೆ ಅರ್ಥವೇ ಇರಲಿಲ್ಲ.

ಪಕ್ಕದ ಸ್ಟಾಲಿನವರು 15ಕ್ಕೆ ಕೊಡುತ್ತಾರಂತೆ, ನಾನೂ ಇಳಿಸಲಾ ಅಂತ ಆಮೇಲೆ ಕೇಳಿದಳು. ಮೊದಲ ಲೆಕ್ಕಕ್ಕೇ ಹೋಗಿ ನೋಡಿ: 15ರಲ್ಲಿ 8 ಹೋದರೆ ಉಳಿಯುವುದು 7, 350 ತೀರಿಸೋಕೆ 50 ಪ್ಲೇಟ್ ಬೇಕು. ಬೆಲೆ ಇಳಿದದ್ದು ಬರೀ ಐದು ರೂಪಾಯಿ, ಮಾರಬೇಕಾದದ್ದು 30ರಿಂದ 50ಕ್ಕೆ ಹಾರಿತು, ಕಲಸೋಕೆ ಆಗುವುದೋ 40. ಬೆಲೆ 20ರಲ್ಲೇ ಇರಲಿ ಅಂದೆ.

ಕೊನೆಗೆ 40 ಪ್ಲೇಟಿನ ತರಕಾರಿ ತಂದಳು, 160 ರೂಪಾಯಿ. 350 ಸೇರಿಸಿ 510, ಅದನ್ನು 16ರಿಂದ ಭಾಗಿಸಿ ಮೇಲಕ್ಕೆ ಹೋದರೆ 32 ಪ್ಲೇಟ್. ಕಟ್ಟುವ ಕಾಗದವನ್ನೂ ಎಣಿಸಿ ಸರಿಯಾಗಿ 40 ಕತ್ತರಿಸಿಟ್ಟುಕೊಂಡಳು, ಗಲಾಟೆಯಲ್ಲಿ ಎಷ್ಟು ಮಾರಿದೆ ಅಂತ ಬರೆದುಕೊಳ್ಳೋಕೆ ಪುರುಸೊತ್ತು ಇರಲ್ಲ ನೋಡಿ. ಕಾಗದ 8ಕ್ಕೆ ಇಳಿದಾಗ ಅಸಲು ಹುಟ್ಟಿತು ಅಂತ ಅರ್ಥ. ಮೇಳ ಮುಗಿದಾಗ 4 ಕಾಗದ ಉಳಿದಿತ್ತು. 36 ಪ್ಲೇಟ್, ಖರ್ಚೆಲ್ಲ ಕಳೆದು 66 ರೂಪಾಯಿ ಲಾಭ. ಉಳಿದ ಮಂಡಕ್ಕಿಯನ್ನು ಸಂಜೆ ಮನೆಯಲ್ಲಿ ಎಲ್ಲರೂ ತಿಂದೆವು.