ಖಾಲಿ ಬಾಕ್ಸ್ ಬಂತು ಅಂದಾಗ ಮೊದಲು ತೂಕ ನೋಡಿ

ಆನ್‌ಲೈನ್‌ನಲ್ಲಿ ಮಾರುವವರ ಕ್ಲೇಮ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಖಾಲಿ ಬಾಕ್ಸ್ ದೂರು ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು, "ಸಾರ್, ಕಸ್ಟಮರ್ ಸುಳ್ಳು ಹೇಳ್ತಿದ್ದಾರೆ." ಇರಬಹುದು. ಆದರೆ ಬಾಯಿಗೆ ಬಂದದ್ದನ್ನು ಚಾಟ್‌ನಲ್ಲಿ ಬರೆಯುವ ಮೊದಲು ತೂಕ ನೋಡಿ.

ದಾವಣಗೆರೆಯಿಂದ ಬ್ಲೂಟೂತ್ ಸ್ಪೀಕರ್ ಕಳಿಸುವ ಒಬ್ಬರದು ಹೀಗೇ ಆಯಿತು. ಅವರ ಪ್ಯಾಕಿಂಗ್ ವಿಡಿಯೋ ಚೆನ್ನಾಗಿತ್ತು. ಸ್ಪೀಕರ್‌ನ ಸೀರಿಯಲ್ ನಂಬರ್, ಬಾಕ್ಸ್‌ಗೆ ಹಾಕಿದ್ದು, ಟೇಪ್ ಸುತ್ತಿದ್ದು, ಲೇಬಲ್ ಅಂಟಿಸಿದ್ದು, ಆಮೇಲೆ ತಕ್ಕಡಿ ಮೇಲೆ 840 ಗ್ರಾಂ ತೋರಿಸಿದ್ದು, ಎಲ್ಲ ಒಂದೇ ಶಾಟ್‌ನಲ್ಲಿ, ಎಲ್ಲೂ ಕಟ್ ಇಲ್ಲ. ನಡುವೆ ಬಾಕ್ಸ್ ಒಂದು ಸಲ ಕ್ಯಾಮೆರಾದಿಂದ ಮರೆಯಾದರೂ ಸಾಕು, ಬೇರೆ ಬಾಕ್ಸ್ ಇಟ್ಟಿರಿ ಅಂತಾರೆ.

ಈಗ ಕೊರಿಯರ್ ಬಿಲ್. ಪಿಕಪ್ ಆದಾಗಲೂ 1.57 ಕೆ.ಜಿ., ಕೊನೆಯ ಹಬ್‌ನಲ್ಲೂ 1.57. "ನೋಡಿ ಸಾರ್, ತೂಕ ಕಡಿಮೆ ಆಗೇ ಇಲ್ಲ" ಎಂದು ಅವರು ಖುಷಿಯಾದರು. ಎಡವಟ್ಟು ಆಗುವುದೇ ಇಲ್ಲಿ. ಅದು ಅಳತೆಯಿಂದ ಲೆಕ್ಕ ಹಾಕಿದ ತೂಕ. ಬಾಕ್ಸ್ 28, 20, 14 ಸೆಂ.ಮೀ.; ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 1.57. ಒಳಗೆ ಸ್ಪೀಕರ್ ಇದ್ದರೂ ಅಷ್ಟೇ, ಗಾಳಿ ಇದ್ದರೂ ಅಷ್ಟೇ. ಕೇಳಬೇಕಾದದ್ದು ಪ್ರತಿ ಹಬ್‌ನ ತಕ್ಕಡಿ ತೂಕ, ಅಂದರೆ ಡೆಡ್ ವೇಟ್. ಅದನ್ನು ಮೇಲ್ ಹಾಕಿ ಕೇಳಿಸಿದೆ. ಮೊದಲ ಹಬ್‌ನಲ್ಲಿ 845 ಗ್ರಾಂ, ಎರಡನೆಯದರಲ್ಲಿ 210.

ಅಂಥದೇ ಖಾಲಿ ಬಾಕ್ಸ್‌ಗೆ ಬಬಲ್ ರ‍್ಯಾಪ್ ಸೇರಿಸಿ ತೂಗಿಸಿದೆ. 205 ಬಂತು. ಕಸ್ಟಮರ್ ಕಳಿಸಿದ್ದ ಫೋಟೋ ಮತ್ತೆ ತೆಗೆದು ನೋಡಿದರೆ, ಬಾಕ್ಸ್‌ನ ತಳದಲ್ಲಿ ಅಂಗಡಿ ಹೆಸರಿನ ಟೇಪ್ ಮೇಲೆ ಸಾದಾ ಕಂದು ಟೇಪ್! ವಿಡಿಯೋದಲ್ಲಿ ಅದು ಇರಲೇ ಇಲ್ಲ. ಪಾಪ, ಆಕೆ ಹೇಳಿದ್ದು ನಿಜ, ಮಾಲು ಹೋಗಿದ್ದು ಎರಡು ಹಬ್‌ಗಳ ನಡುವೆ. ಆಕೆಗೆ ದುಡ್ಡು ವಾಪಸ್ ಕೊಡಿಸಿ, ಕ್ಲೇಮನ್ನು ಕೊರಿಯರ್ ಮೇಲೆ ಹಾಕಿಸಿದೆ.

ಕೊನೆಯ ಹಬ್‌ನಲ್ಲೂ 840ರ ಆಸುಪಾಸು ಇದ್ದಿದ್ದರೆ? ಆಗ ಅನುಮಾನ ಆ ಹಬ್‌ನಿಂದ ಮನೆ ಬಾಗಿಲವರೆಗಿನ ದಾರಿಗೆ ಇಳಿಯುತ್ತದೆ, ಅಷ್ಟೇ. ಕಸ್ಟಮರ್ ಕಳ್ಳ ಅಂತ ಅದರಿಂದ ಸಾಬೀತಾಗಲ್ಲ, ಡೆಲಿವರಿ ಹುಡುಗನೂ ಅದೇ ದಾರಿಯಲ್ಲಿದ್ದಾನೆ. ಓಟಿಪಿ ಕೊಟ್ಟದ್ದು ಬಾಕ್ಸ್ ಕೈಗೆ ಬಂತು ಅಂತ ಹೇಳುತ್ತದೆಯೇ ಹೊರತು ಒಳಗೆ ಏನಿತ್ತು ಅಂತ ಅಲ್ಲ. ಕದ್ದವರು ಅಷ್ಟೇ ತೂಕದ ಕಲ್ಲು ಇಟ್ಟರೆ ತಕ್ಕಡಿಗೂ ಗೊತ್ತಾಗಲ್ಲ. ಇನ್ನು ಹತ್ತು ಗ್ರಾಂನ ಓಲೆ ಮಾರುವವರಿಗೆ ಹಬ್ ತಕ್ಕಡಿಯಿಂದ ಪ್ರಯೋಜನ ಕಡಿಮೆ. ಅವರು ನಂಬಬೇಕಾದದ್ದು ವಿಡಿಯೋ ಮತ್ತು ಹರಿಯದೆ ಬಿಚ್ಚಲಾಗದ ಕವರನ್ನು.

ಆ ವಿಡಿಯೋವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮೂಲ ಫೈಲ್ ಅಳಿಸಬೇಡಿ. ಅಲ್ಲಿ ಕುಗ್ಗಿದ ಮೇಲೆ ಲೇಬಲ್ ನಂಬರ್ ಓದಲಿಕ್ಕೇ ಬರಲ್ಲ. ನಾನು ಫೈಲಿಗೆ ಆ ನಂಬರನ್ನೇ ಹೆಸರಾಗಿ ಇಡಿಸುತ್ತೇನೆ, ಮೂರು ತಿಂಗಳ ನಂತರ ಹುಡುಕುವಾಗ ಒದ್ದಾಡಬೇಕಿಲ್ಲ.