ಲೈಬ್ರರಿ ಪುಸ್ತಕ ವಾಪಸ್ ಬಂದಿಲ್ಲ: ಎಕ್ಸೆಲ್ ಪಟ್ಟಿ ಮತ್ತು ಪೋಷಕರಿಗೆ ಮೆಸೇಜ್

ಶಾಲೆ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕೆಲಸ ಇಷ್ಟೇ: ಗಡುವು ದಾಟಿದ ಪುಸ್ತಕಗಳ ಪಟ್ಟಿ ತೆಗೆಯುವುದು, ಪೋಷಕರಿಗೆ ಮರ್ಯಾದೆಯಿಂದ ನೆನಪಿಸುವುದು. ಆದರೆ ಪುಸ್ತಕ ಕೊಟ್ಟು ಕೂತ ಮಗುವಿನ ಮನೆಗೆ ಮೆಸೇಜ್ ಹೋದರೆ ಆ ಮರ್ಯಾದೆಗೆ ಅರ್ಥವಿಲ್ಲ ಅಲ್ವಾ? ಅದಕ್ಕೇ ಇಲ್ಲಿ ಮೆಸೇಜಿಗಿಂತ ತಾರೀಕಿನ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಪುಸ್ತಕ ಕೊಡುವ ರಿಜಿಸ್ಟರನ್ನು ಹಾಗೇ ಎಕ್ಸೆಲ್‌ಗೆ ಇಳಿಸಿಕೊಳ್ಳಿ. A ಪುಸ್ತಕದ ನಂಬರ್, B ಪುಸ್ತಕದ ಹೆಸರು, C ವಿದ್ಯಾರ್ಥಿ, D ತರಗತಿ, E ಕೊಟ್ಟ ದಿನ, F ಗಡುವು, G ವಾಪಸ್ ಬಂದ ದಿನ, H ಪೋಷಕರ ಫೋನ್, I ಎಷ್ಟು ದಿನ ತಡ, J ಕೊನೆಯ ಮೆಸೇಜ್ ಕಳಿಸಿದ ದಿನ. K ಕಾಲಮ್ಮು ರಜೆಗಳಿಗೆ, ಒಂದು ಸಾಲಿಗೆ ಒಂದು ತಾರೀಕು.

ಹದಿನಾಲ್ಕು ದಿನದ ಗಡುವು ಎಂದರೆ `=E2+14` ಅಂತ ಬರೆದರೆ ಸಾಕು ಅನ್ನಿಸುತ್ತದೆ. ಸಾಲದು. ಆ ದಿನ ಭಾನುವಾರವೋ ದಸರಾ ರಜೆಯೋ ಆಗಿದ್ದರೆ ಶಾಲೆಗೇ ಬೀಗ. ಮಗು ಪುಸ್ತಕವನ್ನು ಯಾರ ಕೈಗೆ ಕೊಡಬೇಕು? ಗಡುವು ತಾನಾಗಿಯೇ ಶಾಲೆ ತೆರೆಯುವ ದಿನಕ್ಕೆ ಸರಿಯಬೇಕು. F ಕಾಲಮ್ಮಿಗೆ ತಾರೀಕಿನ ಫಾರ್ಮ್ಯಾಟ್ ಕೊಟ್ಟು, F2ರಲ್ಲಿ ಹೀಗೆ ಬರೆಯಿರಿ:

```
=IF(E2="","",WORKDAY.INTL(E2+13,1,11,$K$2:$K$5000))
```

ಇದರ ಅರ್ಥ: ಕೊಟ್ಟ ದಿನಕ್ಕೆ ಹದಿಮೂರು ಕೂಡಿಸು, ಅದರ ಮುಂದಿನ ಮೊದಲ ಕೆಲಸದ ದಿನ ಹುಡುಕು. ಹದಿನಾಲ್ಕನೇ ದಿನ ಶಾಲೆ ಇದ್ದರೆ ಅದೇ ಸಿಗುತ್ತದೆ, ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ. ನಡುವೆ ಇರುವ 11 ಅಂದರೆ ವಾರದ ರಜೆ ಭಾನುವಾರ ಮಾತ್ರ. ನಮ್ಮಲ್ಲಿ ಶನಿವಾರ ಬೆಳಿಗ್ಗೆ ಶಾಲೆ ಇರುವುದರಿಂದ ಈ ಅಂಕಿ ಮುಖ್ಯ. ಅದನ್ನು ಬಿಟ್ಟರೆ ಎಕ್ಸೆಲ್ ಶನಿವಾರವನ್ನೂ ರಜೆ ಎಂದುಕೊಳ್ಳುತ್ತದೆ.

2025ರ ದಸರಾವನ್ನೇ ತೆಗೆದುಕೊಳ್ಳೋಣ. ರಾಜ್ಯದಲ್ಲಿ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಎಂದಿತ್ತು. ಸೆಪ್ಟೆಂಬರ್ 17ಕ್ಕೆ ಕೊಟ್ಟ ಪುಸ್ತಕದ ಹದಿನಾಲ್ಕನೇ ದಿನ ಅಕ್ಟೋಬರ್ 1, ಅಂದರೆ ರಜೆಯ ನಡುವೆ. ಸೂತ್ರ ಅದನ್ನು ಅಕ್ಟೋಬರ್ 8ಕ್ಕೆ ತಳ್ಳುತ್ತದೆ. ಆಮೇಲೆ ಜಾತಿ ಸಮೀಕ್ಷೆಗೆ ಶಿಕ್ಷಕರು ಬೇಕೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಆಗ ಮಾಡಬೇಕಾದ್ದು ಇಷ್ಟೇ: K ಕಾಲಮ್ಮಿಗೆ 8ರಿಂದ 18ರವರೆಗಿನ ದಿನಗಳನ್ನೂ 20ರ ನರಕ ಚತುರ್ದಶಿಯನ್ನೂ ಸೇರಿಸುವುದು. 19 ಭಾನುವಾರ, ಅದನ್ನು ಸೂತ್ರವೇ ನೋಡಿಕೊಳ್ಳುತ್ತದೆ. ಗಡುವು 21ಕ್ಕೆ ಬಂದು ನಿಲ್ಲುತ್ತದೆ. ಒಂದೊಂದೇ ಸಾಲು ತಿದ್ದುವ ಗೋಜಿಲ್ಲ. ಗಡುವನ್ನು ಕೈಯಾರೆ ಟೈಪ್ ಮಾಡಿಟ್ಟಿದ್ದವರು ಮಾತ್ರ ರಜೆಯಲ್ಲೇ ಪೋಷಕರಿಗೆ ಮೆಸೇಜ್ ಕಳಿಸಿರುತ್ತಾರೆ!

ಎಷ್ಟು ದಿನ ತಡ ಅನ್ನುವುದು I2ರಲ್ಲಿ:

```
=IF(E2="",0,IF(G2<>"",0,MAX(0,TODAY()-F2)))
```

ವಾಪಸ್ ಬಂದ ದಿನ ತುಂಬಿದ್ದರೆ ಸೊನ್ನೆ, ಇಲ್ಲದಿದ್ದರೆ ಇವತ್ತಿನಿಂದ ಗಡುವನ್ನು ಕಳೆಯುತ್ತದೆ. F ಮತ್ತು I ಎರಡನ್ನೂ ಕೊನೆಯ ಸಾಲಿನವರೆಗೆ ಎಳೆದುಬಿಡಿ.

ಈಗ ನಿಜವಾದ ತೊಂದರೆ. ಬಹಳ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಅಮೆರಿಕದ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು 17/09/2025 ಎಂದು ಟೈಪ್ ಮಾಡಿದರೆ ಹದಿನೇಳನೇ ತಿಂಗಳು ಇಲ್ಲವಲ್ಲ, ಎಕ್ಸೆಲ್ ಅದನ್ನು ತಾರೀಕೆಂದು ಒಪ್ಪುವುದಿಲ್ಲ. ಸುಮ್ನೆ ಅಕ್ಷರಗಳೆಂದು ಸೆಲ್ಲಿನ ಎಡಕ್ಕೆ ಅಂಟಿಸುತ್ತದೆ, F ಕಾಲಮ್ಮಿನಲ್ಲಿ `#VALUE!` ಬರುತ್ತದೆ. ಇದು ಒಳ್ಳೆಯ ತಪ್ಪು, ಏಕೆಂದರೆ ಕಣ್ಣಿಗೆ ರಾಚುತ್ತದೆ. ಕೆಟ್ಟದ್ದು 08/09/2025. ನಿಮ್ಮ ಮನಸ್ಸಿನಲ್ಲಿರುವುದು ಸೆಪ್ಟೆಂಬರ್ 8, ಎಕ್ಸೆಲ್ ಓದುವುದು ಆಗಸ್ಟ್ 9. ತಕರಾರಿಲ್ಲದೆ ಬಲಕ್ಕೆ ಕೂರುತ್ತದೆ. ಗಡುವು ಒಂದು ತಿಂಗಳು ಮುಂಚೆಯೇ ಮುಗಿದು, ಮೊನ್ನೆ ತಾನೇ ಪುಸ್ತಕ ಒಯ್ದ ಮಗು ತಡ ಮಾಡಿದವರ ಪಟ್ಟಿಗೆ ಬರುತ್ತದೆ. 10/09/2025 ಆದರೆ ಉಲ್ಟಾ: ಅಕ್ಟೋಬರ್ 9 ಆಗಿ, ನಿಜಕ್ಕೂ ತಡವಾದ ಪುಸ್ತಕ ಪಟ್ಟಿಯಿಂದಲೇ ಮಾಯ.

ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ಕೊಡುವ ರಿಜಿಸ್ಟರಿನಲ್ಲಿ ದಿನಗಳು ಕ್ರಮವಾಗಿಯೇ ಇರುತ್ತವೆ, ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ L3ರಲ್ಲಿ `=E3<E2` ಎಂದು ಹಾಕಿ ಕೆಳಗೆ ಎಳೆಯಿರಿ. ಎಲ್ಲಿ `TRUE` ಬಂತೋ ಆ ಸಾಲನ್ನೂ ಅದರ ಮೇಲೆ ಕೆಳಗಿರುವ ಸಾಲುಗಳನ್ನೂ ರಿಜಿಸ್ಟರಿಗೆ ಹೋಲಿಸಿ. ಸಾಲುಗಳನ್ನು ಅದಲುಬದಲು ಮಾಡುವ ಮೊದಲೇ ಇದನ್ನು ಮಾಡಬೇಕು. ಇನ್ನೊಂದು ಮಾತು: ಸೆಟ್ಟಿಂಗನ್ನು ಈಗ ಇಂಡಿಯಾಕ್ಕೆ ಬದಲಿಸಿದರೂ ಆಗಲೇ ತಿರುವುಮುರುವಾದ ತಾರೀಕು ಸರಿಹೋಗುವುದಿಲ್ಲ, ಅದನ್ನು ಮತ್ತೆ ಟೈಪ್ ಮಾಡಲೇಬೇಕು. `2025-09-17` ಎಂದು ವರ್ಷ ಮೊದಲು ಬರೆಯುವ ಅಭ್ಯಾಸವಾದರೆ ಈ ರಗಳೆಯೇ ಇಲ್ಲ.

ಪಟ್ಟಿ ಬಂತು, I ಸೊನ್ನೆಗಿಂತ ಹೆಚ್ಚಿರುವ ಸಾಲುಗಳನ್ನು ಫಿಲ್ಟರ್ ಮಾಡಿದಿರಿ. ತಕ್ಷಣ ಕಳಿಸಬೇಡಿ. ಪ್ರಿಂಟ್ ತೆಗೆದು ಲೈಬ್ರರಿಗೆ ಹೋಗಿ, ಪುಸ್ತಕದ ನಂಬರ್ ಹಿಡಿದು ಕಪಾಟು ನೋಡಿ. ಮಗು ಪುಸ್ತಕ ಮೇಜಿನ ಮೇಲಿಟ್ಟು ಹೋಗಿರುತ್ತದೆ, ಯಾರೋ ಅದನ್ನು ಕಪಾಟಿಗೆ ಸೇರಿಸಿರುತ್ತಾರೆ, ರಿಜಿಸ್ಟರಿನಲ್ಲಿ ಮಾತ್ರ ಬರೆದಿರುವುದಿಲ್ಲ. ಸಿಕ್ಕ ಪುಸ್ತಕಗಳಿಗೆ G ತುಂಬಿ. ಉಳಿದದ್ದನ್ನು ಫೋನ್ ನಂಬರ್ ಪ್ರಕಾರ ಜೋಡಿಸಿ. ಅಣ್ಣ ತಂಗಿ ಇಬ್ಬರೂ ಅದೇ ಶಾಲೆಯಲ್ಲಿದ್ದರೆ ಎರಡು ಸಾಲು ಅಕ್ಕಪಕ್ಕ ಬರುತ್ತವೆ, ಆ ಮನೆಗೆ ಒಂದೇ ಮೆಸೇಜ್ ಸಾಕು.

ಮೆಸೇಜ್ M2ರಲ್ಲಿ ಹೀಗಿರಬಹುದು:

```
="ನಮಸ್ಕಾರ. "&C2&" ("&D2&") ಒಯ್ದಿರುವ '"&B2&"' ಪುಸ್ತಕದ ಗಡುವು "&TEXT(F2,"dd-mm-yyyy")&"ಕ್ಕೆ ಮುಗಿದಿದೆ. ಓದಿ ಆಗಿದ್ದರೆ ದಯವಿಟ್ಟು ಶಾಲೆಗೆ ಕಳಿಸಿಕೊಡಿ. ಆಗಲೇ ಕೊಟ್ಟಿದ್ದರೆ ಅಥವಾ ಸಿಗುತ್ತಿಲ್ಲವಾದರೆ ಆಫೀಸಿಗೆ ತಿಳಿಸಿ."
```

`TEXT` ಬಿಟ್ಟರೆ ಪೋಷಕರಿಗೆ ತಾರೀಕಿನ ಜಾಗದಲ್ಲಿ 45951 ಎಂದು ಹೋಗುತ್ತದೆ. ಎಕ್ಸೆಲ್ ಒಳಗೆ 2025ರ ಅಕ್ಟೋಬರ್ 21 ಅಂದರೆ ಅದೇ ಅಂಕಿ.

ಒಕ್ಕಣೆಯಲ್ಲಿ ಗಮನಿಸಿ: ತಪ್ಪು ಮಗುವಿನದು ಎಂದು ಎಲ್ಲೂ ಹೇಳಿಲ್ಲ. ಗಡುವು ಮುಗಿದಿದೆ, ಅಷ್ಟೇ. ಮೊದಲ ಮೆಸೇಜಿನಲ್ಲಿ ದಂಡದ ಮಾತು ಬೇಡ. ‘ಆಗಲೇ ಕೊಟ್ಟಿದ್ದರೆ’ ಅನ್ನುವ ಮಾತು ನಮ್ಮ ದಾಖಲೆಯೂ ತಪ್ಪಿರಬಹುದು ಎಂದು ಒಪ್ಪಿಕೊಂಡಂತೆ. ‘ಸಿಗುತ್ತಿಲ್ಲವಾದರೆ’ ಅನ್ನುವುದು ಪುಸ್ತಕ ಕಳೆದು ಹೆದರಿ ಕೂತ ಮನೆಯವರಿಗೆ ಬಾಯಿ ಬಿಡಲು ಜಾಗ ಕೊಡುತ್ತದೆ. ತರಗತಿಯ ವಾಟ್ಸಾಪ್ ಗುಂಪಿಗೆ ಹೆಸರುಗಳ ಪಟ್ಟಿ ಹಾಕುವುದಂತೂ ಬೇಡವೇ ಬೇಡ. ಎಲ್ಲರೆದುರು ಹೆಸರು ಕೂಗಿದ ಹಾಗಾಗುತ್ತದೆ.

ಎಸ್‌ಎಂಎಸ್ ಕಳಿಸುವುದಾದರೆ ಉದ್ದ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದು ಮೀರಿದರೆ 67ರಂತೆ ತುಂಡಾಗಿ, ಪ್ರತಿ ತುಂಡಿಗೂ ದುಡ್ಡು. ಒತ್ತು, ಕೊಂಬು ಎಲ್ಲವೂ ಲೆಕ್ಕಕ್ಕೆ ಬರುತ್ತವೆ: `=LEN("ಪುಸ್ತಕ")` ಕೇಳಿದರೆ 6 ಬರುತ್ತದೆ, ಮೂರಲ್ಲ. ಮೇಲಿನ ಮೆಸೇಜ್ ಒಂದು ತುಂಡಿನಲ್ಲಿ ಹಿಡಿಸುವುದಿಲ್ಲ. ವಾಟ್ಸಾಪ್‌ನಲ್ಲಿ ಒಬ್ಬೊಬ್ಬರಿಗೇ ಕಳಿಸಿದರೆ ಈ ಚಿಂತೆ ಇಲ್ಲ.

ಕಳಿಸಿದ ಕೂಡಲೇ J ತುಂಬಿ. `=TODAY()` ಹಾಕಬೇಡಿ, ನಾಳೆ ಅದೇ ಬದಲಾಗುತ್ತದೆ. `Ctrl+;` ಒತ್ತಿದರೆ ಇವತ್ತಿನ ತಾರೀಕು ಗಟ್ಟಿಯಾಗಿ ಕೂರುತ್ತದೆ. ಮುಂದಿನ ವಾರದ ಪಟ್ಟಿಯಲ್ಲಿ J ಖಾಲಿ ಇದ್ದವರಿಗೆ ಮೊದಲ ಮೆಸೇಜ್, ವಾರ ದಾಟಿದವರಿಗೆ ಎರಡನೆಯದು. ಎರಡಕ್ಕೂ ಉತ್ತರ ಬರದಿದ್ದರೆ ಮೂರನೆಯದು ಬೇಡ, ಫೋನ್ ಮಾಡಿ. ಎಷ್ಟೋ ಸಲ ಆ ನಂಬರೇ ಬದಲಾಗಿರುತ್ತದೆ.